ಬ್ಲಾಕ್ ನಡುವೆ ಮೆತ್ತಗಿದ್ದರೆ

"ಸ್ತನದ ಗಡ್ಡೆಯ ಬ್ಲಾಕ್. ಅಂಚು ಚೆನ್ನಾಗಿ ಕಟ್ ಆಗುತ್ತೆ, ನಡುವೆ ಮೆತ್ತಗಿದೆ. ರಿಬ್ಬನ್ ವಾಟರ್ ಬಾತ್‌ಗೆ ಬಿಟ್ಟರೆ ಮಧ್ಯದಲ್ಲಿ ತೂತು. ಬ್ಲೇಡ್ ಬದಲಿಸಿದೆ, ಐಸ್ ಮೇಲೂ ಇಟ್ಟೆ. ಏನು ಮಾಡಲಿ?"

ನಡುವೆ ಪ್ಯಾರಾಫಿನ್ ಇಳಿದಿಲ್ಲ. ತುಂಡು ದಪ್ಪವಾಗಿ ಫಾರ್ಮಲಿನ್ ಒಳಗೆ ತಲುಪಿರಲಿಕ್ಕಿಲ್ಲ, ಇಲ್ಲವೇ ಹಳೆಯ ಆಲ್ಕೋಹಾಲ್ ನೀರನ್ನೂ ಕೊಬ್ಬನ್ನೂ ಪೂರ್ತಿ ತೆಗೆದಿಲ್ಲ. ಯಾವುದು ಅಂತ ಬ್ಲಾಕ್ ನೋಡಿ ಹೇಳಲಾಗದು.

ಮೊದಲು ಸಿಕ್ಕಷ್ಟು ಸೆಕ್ಷನ್ ತೆಗೆದು ಹೆಮಟಾಕ್ಸಿಲಿನ್-ಇಯೋಸಿನ್ ಹಾಕಿ. ಅಂಚಿನಲ್ಲಿ ನ್ಯೂಕ್ಲಿಯಸ್ ಸ್ಪಷ್ಟವಾಗಿದ್ದು ಒಳಗೆ ಮಸುಕಾಗಿದ್ದರೆ ಫಿಕ್ಸೇಶನ್ ಕಡೆ ಅನುಮಾನ ಜಾಸ್ತಿ. ಒಳಗೂ ಚೆನ್ನಾಗಿದ್ದು ಬರೀ ತೂತಿದ್ದರೆ ಪ್ರೊಸೆಸರ್‌ನ ಆಲ್ಕೋಹಾಲ್, ಕ್ಸೈಲೀನ್ ಬದಲಿಸಿ.

ಮತ್ತೆ ಪ್ರೊಸೆಸ್ ಮಾಡಲು ಬ್ಲಾಕ್ ಕರಗಿಸುವ ಮುಂಚೆ ಪೆಥಾಲಜಿಸ್ಟ್‌ಗೆ ಹೇಳಿ. ಗಡ್ಡೆಯ ಉಳಿದ ಭಾಗ ಡಬ್ಬಿಯಲ್ಲಿದ್ದರೆ ಅದರಿಂದ ಹೊಸ ತುಂಡು ತೆಗೆಯೋದೇ ಒಳ್ಳೆಯದು. 3-4 ಮಿ.ಮೀ.ಗಿಂತ ದಪ್ಪ ಬೇಡ, ಕ್ಯಾಸೆಟ್ ಮುಚ್ಚಳ ಒತ್ತಿ ಹಾಕುವಂತಿದ್ದರೆ ಅದೇ ಜಾಸ್ತಿಯಾಯ್ತು. ತುಂಡಿನ ಹತ್ತು ಪಟ್ಟಾದರೂ 10% ಬಫರ್ಡ್ ಫಾರ್ಮಲಿನ್ ಇರಲಿ.

ಬೇರೆ ತುಂಡು ಇಲ್ಲದಿದ್ದರೆ ಬ್ಲಾಕ್ ಕರಗಿಸಿ, ಮೇಣ ಒರೆಸಿ. ಕ್ಸೈಲೀನ್, ನಂತರ ಅಬ್ಸೊಲ್ಯೂಟ್ ಆಲ್ಕೋಹಾಲ್‌ನಲ್ಲಿ ಹಿಂದಕ್ಕೆ ತಂದು, ಹೊಸ ಆಲ್ಕೋಹಾಲ್, ಕ್ಸೈಲೀನ್, ಮೇಣದಲ್ಲಿ ಮತ್ತೆ ಓಡಿಸಿ. ಕಟ್ ಮಾಡೋಕೆ ಬರುತ್ತೆ. ಆದರೆ ಕೆಟ್ಟ ಫಿಕ್ಸೇಶನ್ ಇದರಿಂದ ಸರಿಯಾಗೋದಿಲ್ಲ. ಈಸ್ಟ್ರೋಜನ್ ರಿಸೆಪ್ಟರ್ ಪರೀಕ್ಷೆ ಸುಳ್ಳು ನೆಗೆಟಿವ್ ಬರಬಹುದು, ಅದಕ್ಕೆ 6ರಿಂದ 72 ಗಂಟೆ ಫಿಕ್ಸೇಶನ್ ಬೇಕು. ಫಾರ್ಮಲಿನ್‌ಗೆ ಹಾಕಿದ ಸಮಯ, ಮತ್ತೆ ಪ್ರೊಸೆಸ್ ಮಾಡಿದ್ದು, ಎರಡನ್ನೂ ಫಾರಂನಲ್ಲಿ ಬರೆಯಿರಿ.