ಹಂಪಿ ಪ್ರವಾಸದ ಮೆಸೇಜು: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಆಕೆಗೆ ಮೂವತ್ತೆಂಟು ವರ್ಷ, ಬೆಂಗಳೂರಿನಲ್ಲಿ ಕೆಲಸ. ಬಂದವರೇ ಫೋನ್ ತೆಗೆದು ಗಂಡನ ಮನೆಯವರ ವಾಟ್ಸಾಪ್ ಗುಂಪಿಗೆ ಕಳಿಸಿದ್ದ ಒಂದು ಮೆಸೇಜು ತೋರಿಸಿದರು. ಒಂಬತ್ತು ಜನ ಹಂಪಿಗೆ ಹೋಗುವ ಏರ್ಪಾಡು ಪೂರ್ತಿ ಅದರಲ್ಲಿತ್ತು. ಕಳಿಸಿದ ದಿನದಿಂದ ಅತ್ತೆ ಮಾತು ಬಿಟ್ಟಿದ್ದರು. ಮೈದುನ ದುಡ್ಡೂ ಹಾಕಿಲ್ಲ, ಉತ್ತರವೂ ಇಲ್ಲ. ಗಂಡ ಮಾತ್ರ "ಒಂದು ಮೆಸೇಜ್ ತಾನೇ, ಬಿಡು" ಅಂದಿದ್ದರಂತೆ. ಆಕೆಗೆ ಸರಿಯಾಗಿ ನಿದ್ದೆಯಿಲ್ಲ. "ಎಲ್ಲಾ ಮಾಡಿದ್ದು ನಾನು, ಬೈಸಿಕೊಂಡಿದ್ದೂ ನಾನೇ" ಅಂತ ಅತ್ತರು.

ಆ ಮೆಸೇಜನ್ನು ಇಬ್ಬರೂ ಕೂತು ಸಾಲು ಸಾಲಾಗಿ ಓದಿದೆವು. ಸಿಟ್ಟು ಎಲ್ಲಿ ಹುಟ್ಟಿತು ಅನ್ನೋದು ಅದರಲ್ಲೇ ಕಾಣುತ್ತಿತ್ತು.

ಮೊದಲನೆಯದು ಈ ಸಾಲು: "ಒಟ್ಟು 24,300. ತಲೆಗೆ 2,700. ಅತ್ತೆ ಮಾವ ಸೇರಿ ಎಲ್ಲರೂ ಭಾನುವಾರದೊಳಗೆ ಹಾಕಿ." ಲೆಕ್ಕ ಸರಿಯೇ ಇದೆ. ಆದರೆ ನಮ್ಮ ಮನೆಗಳಲ್ಲಿ ಸೊಸೆಯೊಬ್ಬಳು ಹಿರಿಯರ ಹೆಸರೆತ್ತಿ ಎಲ್ಲರೆದುರು ದುಡ್ಡು ಕೇಳಿದರೆ ಅದು ಲೆಕ್ಕವಾಗಿ ಉಳಿಯುವುದಿಲ್ಲ. ಮೈದುನನ ಮಗುವಿಗೆ ಮೂರು ವರ್ಷ. ಐದು ವರ್ಷದೊಳಗಿನ ಮಗುವಿಗೆ ಬೇರೆ ಬರ್ತ್ ಬೇಡ ಅಂದರೆ ರೈಲಿನಲ್ಲಿ ಟಿಕೆಟ್ಟೇ ಬೇಕಿಲ್ಲ. ಆದರೂ ಅದರ ತಲೆಗೂ 2,700 ಬಿದ್ದಿತ್ತು.

ಎರಡನೆಯದು ಲಗೇಜ್ ಪಟ್ಟಿ: "ಅತ್ತೆ, ಶುಗರ್ ಮಾತ್ರೆ ಮರೀಬೇಡಿ." ಕಾಳಜಿಯಿಂದಲೇ ಬರೆದದ್ದು. ಆದರೆ ಆ ಗುಂಪಿನಲ್ಲಿ ಮೈದುನನ ಹೆಂಡತಿಯ ತವರಿನವರೂ ಇದ್ದರು. ಅತ್ತೆ ತಮ್ಮ ಕಾಯಿಲೆ ವಿಷಯ ಅವರಿಗೆ ಹೇಳಿರಲಿಲ್ಲ.

ನಾನು ಕೊಟ್ಟ ಸಲಹೆಯಲ್ಲಿ ಮುಖ್ಯವಾದದ್ದು ದುಡ್ಡಿನ ಮಾತನ್ನು ಗುಂಪಿನಿಂದ ಪೂರ್ತಿ ತೆಗೆಯುವುದು, ಅದನ್ನು ಗಂಡ ಆಡುವುದು. ಅವರ ಅಪ್ಪ ಅಮ್ಮ, ಅವರ ತಮ್ಮ. ಈ ಮಾತು ಅವರ ಬಾಯಿಂದ ಬಂದರೆ ತೂಕವೇ ಬೇರೆ. ಮೊದಲು ಮಾವನ ಹತ್ತಿರ ಕೂತು ಸುಮ್ನೆ ಕೇಳಿ, ಇಷ್ಟು ಕೊಡಿ ಅನ್ನಬೇಡಿ ಅಂದೆ. ಗಂಡ ಕೇಳಿದಾಗ ಮಾವ, "ಅಲ್ಲಿ ಓಡಾಡುವ ವ್ಯಾನಿನ ದುಡ್ಡು ನನ್ನ ಪೆನ್ಷನ್‌ನಲ್ಲಿ ನಾನೇ ಕೊಡ್ತೀನಿ" ಅಂದರು. ಅದು 6,700. ಅವರು ಕೇಳಿದ್ದಕ್ಕಿಂತ ಜಾಸ್ತಿಯೇ ಕೊಟ್ಟರು. ನೋವಾಗಿದ್ದು ದುಡ್ಡಿಗಲ್ಲ.

ಉಳಿದದ್ದನ್ನು ಹೀಗೆ ಹಂಚಿದೆವು. ಟಿಕೆಟ್ ಬರ್ತಿಗೆ 700, ಎಂಟು ಬರ್ತು. ರೂಮು ಮೂರು, ಎರಡು ರಾತ್ರಿಗೆ ಒಂದೊಂದಕ್ಕೆ 4,000. ಮೂರನೇ ರೂಮಿನಲ್ಲಿ ಅತ್ತೆ, ಮಾವ, ಮದುವೆಯಾಗದ ನಾದಿನಿ. ಆ ರೂಮು ಮತ್ತು ಹಿರಿಯರ ಟಿಕೆಟ್ಟು ಸೇರಿ 5,400. ಅದನ್ನು ಮೂವರು ಮಕ್ಕಳು 1,800ರಂತೆ ಹಂಚಿಕೊಂಡರು. ಆಗ ಮೂರು ಬರ್ತಿನ ಈಕೆಯ ಮನೆಗೆ 7,900, ಎರಡು ಬರ್ತಿನ ಮೈದುನನಿಗೆ 7,200, ನಾದಿನಿಗೆ 2,500 ಬಂತು. ಮಗುವಿಗೂ ಸೇರಿ 8,100 ಕೊಡಬೇಕಿದ್ದ ಮೈದುನನಿಗೆ ಈ ಲೆಕ್ಕದಲ್ಲಿ ತಕರಾರು ಇರಲಿಲ್ಲ.

ಗುಂಪಿಗೆ ಹೋಗುವ ಮೆಸೇಜನ್ನು ನನ್ನೆದುರೇ ಹೊಸದಾಗಿ ಬರೆದರು:

"ಶುಕ್ರವಾರ ರಾತ್ರಿ ಹಂಪಿ ಎಕ್ಸ್‌ಪ್ರೆಸ್, ಕೆಎಸ್‌ಆರ್ ಬೆಂಗಳೂರಿನಿಂದ ಹೊಸಪೇಟೆಗೆ. ಎಲ್ಲರೂ 9 ಗಂಟೆಗೆ ಮೆಜೆಸ್ಟಿಕ್ ಕಡೆಯ ಮುಖ್ಯ ಬಾಗಿಲ ಒಳಗೆ, 1ನೇ ಪ್ಲಾಟ್‌ಫಾರ್ಮಿನಲ್ಲಿ ಸೇರೋಣ. ಓಕಳಿಪುರದ ಕಡೆ ಇಳಿಯಬೇಡಿ. ಟಿಕೆಟ್ ಎರಡು ಇವೆ, ಫೋಟೋ ಹಾಕಿದ್ದೇನೆ. ಅತ್ತೆ ಮಾವನಿಗೆ ಕೆಳಗಿನ ಬರ್ತ್ ಸಿಕ್ಕಿದೆ. ಎಲ್ಲರೂ ಆಧಾರ್ ಕಾರ್ಡ್ ಇಟ್ಟುಕೊಳ್ಳಿ. ಟೋಪಿ, ನೀರಿನ ಬಾಟಲಿ, ಬಂಡೆ ಹತ್ತಲು ಜಾರದ ಚಪ್ಪಲಿ ಬೇಕು. ಓದಿದವರು 'ಸರಿ' ಅಂತ ಹಾಕಿ."

ಓಕಳಿಪುರದ ಮಾತು ಸುಮ್ನೆ ಬಂದದ್ದಲ್ಲ. ಆ ನಿಲ್ದಾಣಕ್ಕೆ ಮೆಜೆಸ್ಟಿಕ್ ಕಡೆ ಒಂದು ಬಾಗಿಲು, 10ನೇ ಪ್ಲಾಟ್‌ಫಾರ್ಮಿನ ಹಿಂದೆ ಓಕಳಿಪುರದ ಕಡೆ ಇನ್ನೊಂದು. ಹಿಂದಿನ ಸಲ "ಸ್ಟೇಷನ್ ಹತ್ರ ಸಿಗೋಣ" ಅಂತ ಬರೆದು ಮನೆಯವರು ಎರಡು ಕಡೆ ಕಾದಿದ್ದರು. ಆಗಿನ ಕೂಗಾಟ ಇನ್ನೂ ಯಾರೂ ಮರೆತಿರಲಿಲ್ಲ.

ಟಿಕೆಟ್ ಎರಡಾಗಲು ಕಾರಣವಿದೆ. ಒಂದು ಪಿಎನ್ಆರ್‌ನಲ್ಲಿ ಆರು ಜನರಿಗಷ್ಟೇ ಅವಕಾಶ. ಎರಡನೆಯದರಲ್ಲಿದ್ದ ಮೈದುನ, ಮೈದುನನ ಹೆಂಡತಿ ಇಬ್ಬರಿಗೂ ಆರ್‌ಎಸಿ ಬಂದಿತ್ತು. ಚಾರ್ಟ್ ಆದಮೇಲೂ ಬರ್ತ್ ಸಿಗದಿದ್ದರೆ ಒಂದೇ ಸೈಡ್ ಲೋವರ್‌ನಲ್ಲಿ ಇಬ್ಬರೂ ಕೂತು ಹೋಗಬೇಕು. ಆಗ ಮಗು ಅಜ್ಜಿಯ ಜೊತೆ ಇರಲಿ ಅಂತ ಮೊದಲೇ ಮಾತಾಡಿಕೊಂಡರು. ಮಾತ್ರೆಯ ವಿಷಯವನ್ನು ಆಕೆ ಅತ್ತೆಗೆ ಫೋನ್ ಮಾಡಿಯೇ ಹೇಳಿದರು. ಗುಂಪಿನಲ್ಲಿ ಬರೆದಿದ್ದಕ್ಕೆ ಬೇಜಾರಾಯಿತಾ ಅಂತಲೂ ಕೇಳಿದರು. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೂಂ, ಆಯಿತಮ್ಮ" ಅಂದರಂತೆ. ಆಮೇಲೆ ಮಾತು ಶುರುವಾಯಿತು.

ಇದರಿಂದ ಎಲ್ಲವೂ ಸರಿಹೋಗಲಿಲ್ಲ. ಮೈದುನ ದುಡ್ಡು ಹಾಕಿದ್ದು ವಾಪಸ್ ಬಂದ ಮೇಲೆ. ಆದರೆ ಅದನ್ನು ಕೇಳಿದ್ದು ಗಂಡ, ಆಕೆಯಲ್ಲ. ಬುಕಿಂಗ್, ಪಟ್ಟಿ, ನೆನಪಿಸುವುದು ಇನ್ನೂ ಆಕೆಯ ಮೇಲೇ ಇದೆ. ಇದರಲ್ಲಿ ಗಂಡ ಯಾವುದನ್ನು ಪೂರ್ತಿ ವಹಿಸಿಕೊಳ್ಳುತ್ತಾರೆ ಅಂತ ಮಾತಾಡಲು ಮುಂದಿನ ಭೇಟಿಗೆ ಇಬ್ಬರನ್ನೂ ಕರೆದಿದ್ದೇನೆ.