ಮಕ್ಕಳ ವಿಭಾಗದ ಪ್ರಕಟಣೆ: ಮೊದಲ ಪ್ಯಾರಾದಲ್ಲಿ ಏನಿರಬೇಕು?

"ನಮ್ಮ ಆಸ್ಪತ್ರೆಯಲ್ಲಿ ಹೊಸದಾಗಿ ಮಕ್ಕಳ ವಿಭಾಗ ಶುರುವಾಗ್ತಿದೆ. ಪತ್ರಿಕೆಗಳಿಗೆ ಕಳಿಸೋ ಪ್ರಕಟಣೆಯ ಮೊದಲ ಪ್ಯಾರಾ ಹೇಗೆ ಬರೆಯೋದು?"

ಬರೆಯೋಕೆ ಕೂರುವ ಮೊದಲು ಒಂದು ದಿನಾಂಕ ಕೇಳಿಕೊಳ್ಳಿ. ಉದ್ಘಾಟನೆಯದ್ದಲ್ಲ, ಮಕ್ಕಳನ್ನು ದಾಖಲು ಮಾಡಿಕೊಳ್ಳೋಕೆ ಶುರು ಮಾಡುವ ದಿನ. ಎರಡೂ ಒಂದೇ ಅಂದುಕೊಂಡು ನಾನೊಮ್ಮೆ ಬೇಸ್ತು ಬಿದ್ದಿದ್ದೇನೆ. ಆಗ ನಾನಿದ್ದ ಆಸ್ಪತ್ರೆಯಲ್ಲಿ ಭಾನುವಾರ ಟೇಪು ಕತ್ತರಿಸಿದರು, ಸೋಮವಾರ ಪೇಪರಿನಲ್ಲಿ ಸುದ್ದಿ ಬಂತು, ಅದನ್ನು ಓದಿ ಒಬ್ಬ ತಾಯಿ ಜ್ವರದ ಮಗುವನ್ನು ಹೆಗಲಿಗೆ ಹಾಕಿಕೊಂಡು ಬಂದರೆ ವಾರ್ಡಿಗೆ ಬೀಗ. ಒಳಗೆ ಹಾಸಿಗೆಗಳ ಪ್ಲಾಸ್ಟಿಕ್ ಕೂಡ ಬಿಚ್ಚಿರಲಿಲ್ಲ, ಆಕ್ಸಿಜನ್ ಪೈಪಿನ ಪರೀಕ್ಷೆ ಬಾಕಿ ಇತ್ತು.

ಇನ್ನು "ವಿಶ್ವದರ್ಜೆಯ ಅತ್ಯಾಧುನಿಕ ವಿಭಾಗವನ್ನು ಲೋಕಾರ್ಪಣೆ ಮಾಡಲು ಹರ್ಷಿಸುತ್ತೇವೆ" ಅಂತೆಲ್ಲ ಬರೆಯಬೇಡಿ. ಡೆಸ್ಕಿನಲ್ಲಿ ಕೂತವರು ಮೊದಲು ಹೊಡೆದುಹಾಕೋದೇ ಅದನ್ನು. ನಾನಾದರೆ ಹೀಗೆ ಬರೆಯುತ್ತೇನೆ (ಅಂಕಿಗಳು ಸುಮ್ನೆ ಉದಾಹರಣೆಗೆ):

"(ಊರು), ಜೂನ್ 12: (ಆಸ್ಪತ್ರೆಯ ಹೆಸರು) ತನ್ನ ಹೊಸ ಮಕ್ಕಳ ವಿಭಾಗದಲ್ಲಿ ಜೂನ್ 16ರ ಸೋಮವಾರದಿಂದ ಮಕ್ಕಳನ್ನು ದಾಖಲಿಸಿಕೊಳ್ಳಲಿದೆ. ವಿಭಾಗದ ಒಟ್ಟು 40 ಹಾಸಿಗೆಗಳಲ್ಲಿ 8 ಮಕ್ಕಳ ತೀವ್ರ ನಿಗಾ ಘಟಕದಲ್ಲಿವೆ. ಉಸಿರಾಟಕ್ಕೆ ವೆಂಟಿಲೇಟರ್ ಬೇಕಾದ ಮಕ್ಕಳನ್ನು ಇದುವರೆಗೆ ಬೇರೆ ಆಸ್ಪತ್ರೆಗೆ ಕಳಿಸಬೇಕಿತ್ತು, ಇನ್ನು ಇಲ್ಲೇ ಚಿಕಿತ್ಸೆ ಸಿಗಲಿದೆ."

ನಿಜವಾದ ಸುದ್ದಿ ಮೂರನೇ ವಾಕ್ಯದಲ್ಲಿದೆ. ನಿನ್ನೆವರೆಗೆ ಆಗದೇ ಇದ್ದದ್ದು ಇವತ್ತು ಏನಾಗುತ್ತೆ ಅನ್ನೋದು ಸಿಗದಿದ್ದರೆ ಉಳಿಯೋದು ಬರೀ ಕಟ್ಟಡದ ಸುದ್ದಿ, ಅಲ್ವಾ? ಆದರೆ ಆ ಸಾಲನ್ನು ಮಕ್ಕಳ ವಿಭಾಗದ ಮುಖ್ಯಸ್ಥರಿಗೆ ಓದಿ ಹೇಳಿ, ರಾತ್ರಿ ಪಾಳಿಯಲ್ಲೂ ಅದು ಸಾಧ್ಯವಾ ಅಂತ ಕೇಳಿ. "ಹಗಲು ಮಾತ್ರ" ಅಂದರೆ ಆ ಸಾಲು ಹೋಗಬೇಕು.

"ಒಟ್ಟು" ಅನ್ನೋ ಪದವನ್ನೂ ಬಿಡಬೇಡಿ. "40 ಹಾಸಿಗೆ ಹಾಗೂ 8 ಐಸಿಯು ಹಾಸಿಗೆ" ಅಂತ ಬರೆದರೆ ಒಂದು ಪೇಪರಿನಲ್ಲಿ 40 ಬರುತ್ತೆ, ಇನ್ನೊಂದರಲ್ಲಿ 48. ಬರೀ "ಐಸಿಯು" ಅಂದರೂ ಗೊಂದಲವೇ. ಹುಟ್ಟಿ 28 ದಿನದೊಳಗಿನ ಶಿಶುಗಳದ್ದು ಎನ್‌ಐಸಿಯು, ಅದಕ್ಕಿಂತ ದೊಡ್ಡ ಮಕ್ಕಳದ್ದು ಪಿಐಸಿಯು. ನಿಮ್ಮಲ್ಲಿ ಯಾವುದಿದೆಯೋ ಅದನ್ನೇ ಬಿಡಿಸಿ ಬರೆಯಿರಿ, ಇಲ್ಲದಿದ್ದರೆ ತಿಂಗಳು ತುಂಬದೆ ಹುಟ್ಟಿದ ಮಗುವನ್ನು ಎತ್ತಿಕೊಂಡು ಯಾರೋ ಬಂದುಬಿಡುತ್ತಾರೆ.

ಉದ್ಘಾಟನೆಗೆ ಬರುವ ಗಣ್ಯರು ಎರಡನೇ ಪ್ಯಾರಾಕ್ಕೆ. ಇದಕ್ಕೆ ಮೇಲಿನವರ ಜೊತೆ ಸ್ವಲ್ಪ ಜಗಳ ಆಗುತ್ತೆ, ಆಗಲಿ ಬಿಡಿ.

ಕಳಿಸುವ ಮುಂಚೆ ವಾರ್ಡಿನ ಹೆಡ್ ಸಿಸ್ಟರ್‌ಗೂ ಒಮ್ಮೆ ತೋರಿಸಿ. ನಾನು ತೋರಿಸಿದಾಗ ಅವರು ಪೆನ್ನು ತೆಗೆದು 40 ಹೊಡೆದು 32 ಮಾಡಿದರು. ಉಳಿದ 8 ಹಾಸಿಗೆ ನೋಡಿಕೊಳ್ಳೋಕೆ ನರ್ಸ್‌ಗಳೇ ಇನ್ನೂ ಬಂದಿರಲಿಲ್ಲ.