ಗ್ಯಾರೇಜ್ ಬಟ್ಟೆಯ ಆಯಿಲ್ ಕಲೆ

"ನಮ್ಮೆಜಮಾನ್ರ ಗ್ಯಾರೇಜ್ ಬಟ್ಟೆ ಮಷಿನ್‌ಗೆ ಹಾಕಿದ್ರೆ ಮಕ್ಕಳ ಯೂನಿಫಾರ್ಮ್‌ಗೂ ಆಯಿಲ್ ವಾಸ್ನೆ ಬರ್ತಿದೆ, ಏನ್ ಮಾಡ್ಲಿ?"

ಅಕ್ಕ, ಮೊದ್ಲು ಆ ಬಟ್ಟೆನ ನೀರಲ್ಲಿ ನೆನೆಸೋದು ಬಿಡಿ, ಒಣಗಿದ್ ಬಟ್ಟೆ ಮೇಲೇನೇ ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಿ, ಯಾಕಂದ್ರೆ ನೀರು ಮೊದ್ಲು ಬಿದ್ರೆ ಲಿಕ್ವಿಡ್ ತೆಳ್ಳಗಾಗಿ ಜಿಡ್ಡು ಸರಿಯಾಗಿ ಹಿಡಿಯಲ್ಲ. ನಮ್ಮನೇಲಿ ಪ್ಯಾಂಟಿನ ತೊಡೆ ಹತ್ರ, ಕೈ ಒರೆಸ್ಕೊಳ್ಳೋ ಜಾಗಕ್ಕೆ, ಎರಡು ಚಮಚ ಹಾಕಿ ಹಳೇ ಟೂತ್‌ಬ್ರಷಲ್ಲಿ ಉಜ್ಜಿ ಅರ್ಧ ಗಂಟೆ ಬಿಡ್ತೀನಿ, ನೊರೆ ಕಪ್ಪಗಾದ್ರೆ ಆಯಿಲ್ ಬಿಡ್ತಿದೆ ಅಂತ ಅರ್ಥ. ಆಮೇಲೆ ಬೇರೆ ಬಕೆಟಲ್ಲಿ ಬಿಸಿನೀರಲ್ಲಿ ಜಾಲಿಸಿ, ನೊರೆ ಬೆಳ್ಳಗಾಗೋವರ್ಗೂ ಇದನ್ನೇ ಮಾಡಿ, ಆಮೇಲಷ್ಟೇ ಮಷಿನ್‌ಗೆ, ಅದೂ ಅವರ ಬಟ್ಟೆ ಮಾತ್ರ.

ಒದ್ದೆ ಇದ್ದಾಗ ಕಲೆ ಕಾಣಲ್ಲ, ನೆರಳಲ್ಲಿ ಒಣಗಿಸಿ ನೋಡಿ, ಇನ್ನೂ ಇದ್ರೆ ಇಸ್ತ್ರಿ ಹಾಕ್ಬೇಡಿ, ಬಿಸಿಗೆ ಕಲೆ ಕೂತ್ಬಿಡತ್ತೆ.

ಯೂನಿಫಾರ್ಮ್‌ಗೆ ವಾಸ್ನೆ ಬರ್ತಿದ್ರೆ ಜಿಡ್ಡು ಡ್ರಮ್ಮಲ್ಲೇ ಉಳಿದಿರತ್ತೆ. ಬಾಗಿಲ ರಬ್ಬರ್ ಮಡಿಕೆ ಒರೆಸಿ, ಪೌಡರ್ ಹಾಕಿ ಖಾಲಿ ಮಷಿನ್‌ನ ಬಿಸಿನೀರಲ್ಲಿ ಒಂದ್ಸಲ ಓಡಿಸಿ.

ಸೀಮೆಎಣ್ಣೆ, ಪೆಟ್ರೋಲ್ ಹಾಕಿ ಉಜ್ಜಿದ ಬಟ್ಟೆ ಮಾತ್ರ ಮಷಿನ್‌ಗೆ ಹಾಕ್ಲೇಬೇಡಿ, ಆವಿಗೆ ಬೆಂಕಿ ಹತ್ಕೊಳ್ಳೋ ಅಪಾಯ ಇದೆ.